ಆರ್ಡರ್, ಪ್ಯಾಕಿಂಗ್, ದೂರು: ಆನ್‌ಲೈನ್‌ನಲ್ಲಿ ತಿಂಡಿ ಮಾರಲು ಹೊರಟ ಮಹಿಳಾ ಸಂಘಕ್ಕೆ

ಸಂಘದ ವಾರದ ಸಭೆಯಲ್ಲಿ ಅರ್ಧ ಗಂಟೆಯೊಳಗೆ ಓದಿ ಹೇಳಬಹುದಾದ ಮಾತು ಇದು. ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ ಮಾಡುವುದು ಹೇಗೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ ಮಾರಿದ ಅನುಭವವೂ ಇದೆ. ಆದರೆ ಅಲ್ಲಿ ಕೊಳ್ಳುವವರು ಎದುರಿಗೇ ನಿಂತು, ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ ದುಡ್ಡು ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಮೊದಲು ದುಡ್ಡು ಬರುತ್ತದೆ, ನಾಲ್ಕು ದಿನ ಬಿಟ್ಟು ತಿಂಡಿ ತಲುಪುತ್ತದೆ. ಏನಾದರೂ ಕೆಟ್ಟರೆ ಅದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಆ ದಿನ ಬರೆದಿಟ್ಟ ಪುಸ್ತಕ ಮಾತ್ರ. ಅದಕ್ಕೇ ಆರ್ಡರ್, ಪ್ಯಾಕಿಂಗ್, ದೂರು ಮೂರನ್ನೂ ಒಂದೇ ಎಳೆಯಲ್ಲಿ ಹೇಳುತ್ತೇನೆ.

ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಂಘ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಬೆಂಗಳೂರಿನ ವಿಜಯನಗರದಿಂದ ಒಬ್ಬರು ವಾಟ್ಸಾಪ್‌ನಲ್ಲಿ ಕೇಳುತ್ತಾರೆ: ಅರ್ಧ ಕೆಜಿ ಚಕ್ಕುಲಿ, ಅರ್ಧ ಕೆಜಿ ನಿಪ್ಪಟ್ಟು, 200 ಗ್ರಾಂ ಶೇಂಗಾ ಚಟ್ನಿಪುಡಿ ಬೇಕು. ಈ ಒಂದು ಆರ್ಡರ್ ಕೊನೆಯವರೆಗೂ ನಮ್ಮ ಜೊತೆ ಬರುತ್ತದೆ.

ಶುರು ಮಾಡುವ ಮೊದಲು ಎರಡು ಕಾಗದ

ಮೊದಲನೆಯದು ಆಹಾರ ಸುರಕ್ಷತಾ ನೋಂದಣಿ, ಅಂದರೆ ಎಫ್‌ಎಸ್‌ಎಸ್‌ಎಐ. ಮನೆಯಲ್ಲಿ ಮಾಡಿ ಮಾರಿದರೂ ಇದು ಬೇಕೇ ಬೇಕು. foscos.fssai.gov.in ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಣ್ಣ ವ್ಯಾಪಾರಕ್ಕೆ ಇರುವ ನೋಂದಣಿ ಸಾಕು. ಸಿಗುವ 14 ಅಂಕಿಯ ನಂಬರನ್ನು ಪ್ರತಿ ಪ್ಯಾಕೆಟ್ ಮೇಲೂ ಹಾಕಬೇಕು. ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಈ ನೋಂದಣಿ ತಿಂಡಿ ತಯಾರಾಗುವ ಜಾಗಕ್ಕೆ ಕೊಡುವಂಥದ್ದು. ಹತ್ತು ಜನ ಹತ್ತು ಮನೆಯಲ್ಲಿ ಕರಿದು ತಂದು ಒಂದೇ ನಂಬರು ಹಾಕುವಂತಿಲ್ಲ. ಹಾಗಾಗಿ ಎಲ್ಲರೂ ಸೇರಿ ಕರಿಯಲು ಒಂದೇ ಅಡುಗೆ ಜಾಗ ಗೊತ್ತುಮಾಡಿಕೊಳ್ಳಿ. ರುಚಿಯೂ ಒಂದೇ ತರಹ ಬರುತ್ತದೆ.

ಎರಡನೆಯದು ಜಿಎಸ್‌ಟಿ. ವಹಿವಾಟು ಚಿಕ್ಕದಿದ್ದರೆ ಬೇಡ ಅಂದುಕೊಂಡಿರುತ್ತೇವೆ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕಾಗುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ಕರ್ನಾಟಕದೊಳಗೆ ಮಾತ್ರ ಮಾರಿ. ಮುಂಬೈ, ಹೈದರಾಬಾದಿನಿಂದ ಕೇಳುವವರು ಜಾಸ್ತಿಯಾದಾಗ ತೆರಿಗೆ ಲೆಕ್ಕ ಬಲ್ಲವರ ಹತ್ತಿರ ಕೂತು ಮಾತಾಡಿ.

ಆರ್ಡರ್: ಒಂದು ಫೋನು, ಒಂದು ಪುಸ್ತಕ

ಆರ್ಡರ್ ತಗೊಳ್ಳಲು ಒಂದೇ ನಂಬರು ಇರಲಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ತಿಂಡಿಯ ಫೋಟೋ, ತೂಕ, ಬೆಲೆ ಏರಿಸಿಡಿ. ಫೋನು ಒಬ್ಬರ ಹತ್ತಿರವೇ ಇರಲಿ. ಅವರು ಊರಿಗೆ ಹೋದರೆ ಫೋನನ್ನೂ ಪುಸ್ತಕವನ್ನೂ ಇನ್ನೊಬ್ಬರಿಗೆ ಒಪ್ಪಿಸಿ ಹೋಗಲಿ. ನೆಂಟರು, ಪರಿಚಯದವರು ಬೇರೆ ಸದಸ್ಯರ ಸ್ವಂತ ಫೋನಿಗೆ ಆರ್ಡರ್ ಹೇಳುತ್ತಾರೆ. ಅದನ್ನೂ ಇದೇ ನಂಬರಿಗೆ ಕಳಿಸಲು ಹೇಳಬೇಕು. ಬಾಯಲ್ಲಿ ಬಂದ ಆರ್ಡರ್ ಮರೆತುಹೋಗುತ್ತದೆ, ಇಲ್ಲವೇ ಎರಡು ಸಲ ಹೋಗುತ್ತದೆ.

ಪುಸ್ತಕದಲ್ಲಿ ಪ್ರತಿ ಆರ್ಡರಿಗೂ ಒಂದು ಸಾಲು. ಆರ್ಡರ್ ನಂಬರು, ತಾರೀಕು, ಹೆಸರು, ಪಿನ್‌ಕೋಡ್ ಸಮೇತ ವಿಳಾಸ, ಎರಡು ಫೋನ್ ನಂಬರು, ಏನು ಎಷ್ಟು, ಬಂದ ಹಣ, ಕಳಿಸುವ ದಿನ. ಕೊನೆಗೆ ಮೂರು ಖಾಲಿ ಕಲಂ ಬಿಡಿ: ಬ್ಯಾಚ್ ನಂಬರು, ಕೊರಿಯರ್ ನಂಬರು, ದೂರು. ಅವು ಆಮೇಲೆ ತುಂಬುತ್ತವೆ. ನಮ್ಮ ವಿಜಯನಗರದ ಆರ್ಡರಿಗೆ 47 ಅಂತ ನಂಬರು ಬಂತು ಅನ್ನಿ.

ಹಣ ಕೇಳುವ ಮೊದಲು ಆರ್ಡರನ್ನು ತಿರುಗಿ ಬರೆದು ಕಳಿಸಿ:

"ನಮಸ್ಕಾರ. ನಿಮ್ಮ ಆರ್ಡರ್ ನಂ. 47. ಚಕ್ಕುಲಿ 250 ಗ್ರಾಂ 2 ಪ್ಯಾಕೆಟ್, ನಿಪ್ಪಟ್ಟು 250 ಗ್ರಾಂ 2 ಪ್ಯಾಕೆಟ್, ಶೇಂಗಾ ಚಟ್ನಿಪುಡಿ 200 ಗ್ರಾಂ 1. ತಿಂಡಿಗೆ 530 ರೂ, ಕೊರಿಯರ್ 100 ರೂ, ಒಟ್ಟು 630 ರೂ. ಮಂಗಳವಾರ ಕರಿದು ಬುಧವಾರ ಕಳಿಸುತ್ತೇವೆ. ನಿಪ್ಪಟ್ಟು ಮತ್ತು ಚಟ್ನಿಪುಡಿಯಲ್ಲಿ ಶೇಂಗಾ ಇದೆ. ಸರಿ ಇದ್ದರೆ ವಿಳಾಸ ಇನ್ನೊಮ್ಮೆ ನೋಡಿ 'ಸರಿ' ಅಂತ ಕಳಿಸಿ."

'ಸರಿ' ಬಂದ ಮೇಲೆ ಹಣ, ಹಣ ಬಂದ ಮೇಲೆ ಹಿಟ್ಟು. ಈ ಒಂದು ಸಂದೇಶದಿಂದ "ನಾನು ಕೇಳಿದ್ದು ಕೋಡುಬಳೆ" ಎನ್ನುವ ತಕರಾರು ಬಹುಪಾಲು ನಿಂತುಹೋಗುತ್ತದೆ.

ಹಣ ಬಂದಿದೆ ಅಂತ ನಂಬಬೇಕಾದ್ದು ಬ್ಯಾಂಕ್ ಖಾತೆ ನೋಡಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ. ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ಇನ್ನೊಂದು ಮೋಸ ಹೀಗಿರುತ್ತದೆ: ದೊಡ್ಡ ಆರ್ಡರ್ ಕೊಡುತ್ತಾರೆ, ಚೌಕಾಸಿ ಮಾಡುವುದಿಲ್ಲ, "ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಅಪ್ಪಿತಪ್ಪಿ ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಂಘದ ಖಾತೆ ಇಬ್ಬರು ಮೂವರ ಸಹಿಯಲ್ಲಿ ನಡೆಯುವುದರಿಂದ ಅದಕ್ಕೆ ಯುಪಿಐ ಸಿಗುವುದು ಕಷ್ಟವಾಗಬಹುದು. ಬ್ಯಾಂಕಿನವರನ್ನು ಕೇಳಿ. ಅಲ್ಲಿಯವರೆಗೆ ಒಬ್ಬರ ಖಾತೆಗೆ ಹಣ ಬರುವುದಾದರೆ, ಆ ವಾರದ ಆರ್ಡರ್ ನಂಬರು ಮತ್ತು ಹಣವನ್ನು ಸಭೆಯಲ್ಲಿ ಎಲ್ಲರ ಮುಂದೆ ಓದಿ, ಅದೇ ದಿನ ಸಂಘಕ್ಕೆ ಕಟ್ಟಲಿ. ಇದರಲ್ಲಿ ಅನುಮಾನದ ಮಾತೇನಿಲ್ಲ. ಹಣ ಹಿಡಿದವರ ಹೆಸರು ಕೆಡದಂತೆ ಕಾಪಾಡುವುದೇ ಈ ಓದು.

ವಾರದ ಲೆಕ್ಕವನ್ನೂ ಮೊದಲೇ ಗೊತ್ತುಮಾಡಿ. ಭಾನುವಾರ ಸಂಜೆಗೆ ಆರ್ಡರ್ ಮುಕ್ತಾಯ. ಸೋಮವಾರ ಸಾಮಾನು, ಹಿಟ್ಟು. ಮಂಗಳವಾರ ಕರಿಯುವುದು, ಪ್ಯಾಕಿಂಗ್. ಬುಧವಾರ ಬೆಳಿಗ್ಗೆ ಪಾರ್ಸೆಲ್. ಶುಕ್ರವಾರ ಕಳಿಸಿದರೆ ಭಾನುವಾರದ ರಜೆಯಲ್ಲಿ ಪೆಟ್ಟಿಗೆ ಎಲ್ಲೋ ಗೋಡೌನಿನಲ್ಲಿ ಕೂತಿರುತ್ತದೆ. ಒಂದು ದಿನಕ್ಕೆ ನಿಮ್ಮ ಒಲೆಯಲ್ಲಿ ಎಷ್ಟು ಕೆಜಿ ಕರಿಯಲು ಆಗುತ್ತದೋ ಅಷ್ಟಕ್ಕೇ ಆರ್ಡರ್ ನಿಲ್ಲಿಸಿ. ಗೌರಿ ಹಬ್ಬ, ದೀಪಾವಳಿ ಹತ್ತಿರ ಬಂದಾಗ ಇದು ಕಷ್ಟ. ಆದರೂ ನಿಲ್ಲಿಸಿ. ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ಕರಿದು ಬಿಸಿಯಲ್ಲೇ ಕಟ್ಟಿದ ಪ್ಯಾಕೆಟ್ಟೇ ಮುಂದಿನ ವಾರದ ದೂರು.

ಕರಿಯುವ ದಿನ ಹಾಕುವ ನಂಬರು

ಪ್ರತಿ ದಿನ ಕರಿದ ತಿಂಡಿಗೆ ಒಂದು ಬ್ಯಾಚ್ ನಂಬರು ಕೊಡಿ. ಕಷ್ಟದ್ದೇನಲ್ಲ. ಜೂನ್ 18ರಂದು ಕರಿದ ಚಕ್ಕುಲಿಗೆ ಚ-1806, ನಿಪ್ಪಟ್ಟಿಗೆ ನಿ-1806. ಮಧ್ಯದಲ್ಲಿ ಬಾಣಲೆಯ ಎಣ್ಣೆ ಪೂರ್ತಿ ಬದಲಿಸಿದರೆ ಅಲ್ಲಿಂದಾಚೆಗೆ ಚ-1806-2. ಪುಸ್ತಕದ ಇನ್ನೊಂದು ಪುಟದಲ್ಲಿ ಆ ನಂಬರಿನ ಕೆಳಗೆ ಬರೆಯಿರಿ: ಯಾವ ಎಣ್ಣೆ, ಹೊಸದೋ ಉಳಿದದ್ದೋ, ಹಿಟ್ಟು ಎಲ್ಲಿ ಬೀಸಿಸಿದ್ದು, ಕರಿದವರು ಯಾರು, ಪ್ಯಾಕ್ ಮಾಡಿದವರು ಯಾರು, ಎಷ್ಟು ಪ್ಯಾಕೆಟ್ ಆಯಿತು.

ಇಷ್ಟೇ ಮುಖ್ಯವಾದದ್ದು, ಪ್ರತಿ ಬ್ಯಾಚಿನಲ್ಲೂ ಒಂದು ಪ್ಯಾಕೆಟ್ ಮಾರದೆ ಎತ್ತಿಡುವುದು. ಇದನ್ನು ಸಾಕ್ಷಿ ಪ್ಯಾಕೆಟ್ ಅನ್ನೋಣ. ಅದೇ ಕವರು, ಅದೇ ಸೀಲು, ಅದೇ ಲೇಬಲ್ಲು. ತಂಪಾದ ಬೀರುವಿನಲ್ಲಿ ಅಲ್ಲ, ಸಾಮಾನ್ಯ ಮನೆಯ ಅಡುಗೆಮನೆ ಶೆಲ್ಫಿನಲ್ಲಿ ಇಡಿ. ಕೊಂಡವರ ಮನೆಯಲ್ಲೂ ಅದು ಅಲ್ಲೇ ತಾನೆ ಇರುವುದು?

ಎಷ್ಟು ದಿನ ಕೆಡದೆ ಇರುತ್ತದೆ ಎನ್ನುವುದನ್ನೂ ಹೀಗೇ ಕಂಡುಹಿಡಿಯಬೇಕು. ಮೊದಲ ಬ್ಯಾಚಿನಲ್ಲಿ ಆರು ಪ್ಯಾಕೆಟ್ ಎತ್ತಿಟ್ಟು ವಾರಕ್ಕೊಂದು ಬಿಚ್ಚಿ. ಅವತ್ತು ಅಡುಗೆ ಮಾಡದ ಇಬ್ಬರು ಮೂಸಿ, ತಿಂದು ನೋಡಲಿ. ಐದನೇ ವಾರ ಕಮಟು ವಾಸನೆ ಸುಳಿದರೆ ಲೇಬಲ್ಲಿನಲ್ಲಿ ಒಂದು ತಿಂಗಳು ಹಾಕಬೇಡಿ, ಮೂರು ವಾರ ಹಾಕಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿ. ಬೇರೆಯವರ ಪ್ಯಾಕೆಟ್ ನೋಡಿ ಸುಮ್ನೆ ಎರಡು ತಿಂಗಳು ಅಂತ ಬರೆಯುವುದು ಬೇಡ. ಅವರ ಕವರು ಬೇರೆ, ಎಣ್ಣೆ ಬೇರೆ.

ಕರಿದ ತಿಂಡಿ ಕಮಟಾಗಲು ದೊಡ್ಡ ಕಾರಣ ಎಣ್ಣೆಯೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಗಾಢ ಬಣ್ಣಕ್ಕೆ ತಿರುಗುತ್ತದೆ, ಮಂದವಾಗುತ್ತದೆ, ನೊರೆ ಬಂದು ಬೇಗ ಇಳಿಯುವುದಿಲ್ಲ, ಮೊದಲಿಗಿಂತ ಬೇಗ ಹೊಗೆಯಾಡುತ್ತದೆ. ಅದಕ್ಕೆ ಹೊಸ ಎಣ್ಣೆ ಸೇರಿಸಿದರೆ ನೋಡಲು ಚೆನ್ನಾಗಿರುತ್ತದೆ, ಆದರೆ ಕೆಟ್ಟದ್ದು ಹಾಗೇ ಉಳಿದಿರುತ್ತದೆ. ಹೋದ ವಾರದ ಎಣ್ಣೆಯಲ್ಲಿ ಈ ವಾರ ಮಾರುವ ತಿಂಡಿ ಕರಿಯಬಾರದು ಎಂದು ನಿಯಮವನ್ನೇ ಮಾಡಿಕೊಳ್ಳಿ.

ಪ್ಯಾಕಿಂಗ್

ಆರಿಸುವುದು ಮೊದಲ ಕೆಲಸ. ಅಗಲ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಕೆಳಗೆ ನ್ಯೂಸ್‌ಪೇಪರ್ ಹಾಸಬೇಡಿ, ಅದರ ಮಸಿ ಎಣ್ಣೆ ತಿಂಡಿಗೆ ಹತ್ತುತ್ತದೆ. ಮೇಲೆ ತಣ್ಣಗಾದಂತೆ ಕಂಡರೂ ದಪ್ಪ ಚಕ್ಕುಲಿಯ ಒಳಗೆ ಬಿಸಿ ಇರುತ್ತದೆ. ಅದಕ್ಕೆ ಒಂದು ಪ್ಯಾಕೆಟ್ ಮಾತ್ರ ಸೀಲ್ ಮಾಡಿ ಹತ್ತು ನಿಮಿಷ ಬಿಡಿ. ಒಳಗೆ ಮಂಜು ಕಟ್ಟಿದರೆ ಇನ್ನೂ ಆರಬೇಕು. ಪೂರ್ತಿ ಆರಿದ ಮೇಲೆ ತಡ ಮಾಡಬೇಡಿ. ಮಳೆಗಾಲದ ಗಾಳಿಗೆ ರಾತ್ರಿಯೆಲ್ಲ ಬಿಟ್ಟರೆ ಗರಿಗರಿ ಹೋಗಿ ಮೆತ್ತಗಾಗುತ್ತದೆ.

ಒಂದು ಕೆಜಿ ಕವರಿಗಿಂತ 250 ಗ್ರಾಂ ಕವರು ಒಳ್ಳೆಯದು. ದೊಡ್ಡದನ್ನು ಒಮ್ಮೆ ಬಿಚ್ಚಿದರೆ ನಾಲ್ಕು ದಿನದಲ್ಲಿ ಮೆತ್ತಗಾಗುತ್ತದೆ, ಬೈಗುಳ ನಿಮಗೆ ಬರುತ್ತದೆ. ಆಹಾರಕ್ಕೆ ಅಂತಲೇ ಇರುವ ದಪ್ಪ ಕವರು ಕೇಳಿ ತನ್ನಿ. ಬೆಳಕು ಬಿದ್ದರೂ ಎಣ್ಣೆ ತಿಂಡಿ ಬೇಗ ಕಮಟಾಗುತ್ತದೆ. ಹಾಗಾಗಿ ಪೂರ್ತಿ ಪಾರದರ್ಶಕ ಕವರಿಗಿಂತ ಒಳಗೆ ಬೆಳ್ಳಿ ಬಣ್ಣದ ಪದರ ಇರುವುದು ಮೇಲು. ನಿಪ್ಪಟ್ಟನ್ನು ಸುರಿಯಬೇಡಿ, ಸಾಲಾಗಿ ಜೋಡಿಸಿ. ಕವರಿನಲ್ಲಿ ಜಾಗ ಜಾಸ್ತಿ ಉಳಿದಷ್ಟೂ ದಾರಿಯಲ್ಲಿ ಅಲುಗಾಡಿ ಮುರಿಯುತ್ತದೆ.

ತೂಕ ಎಂದರೆ ಕವರು ಬಿಟ್ಟು ಒಳಗಿನ ತಿಂಡಿಯ ತೂಕ. 250 ಅಂತ ಬರೆದರೆ 250ಕ್ಕಿಂತ ಎರಡು ಮೂರು ಗ್ರಾಂ ಜಾಸ್ತಿಯೇ ಇರಲಿ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು ಎನ್ನುವುದೂ ನೆನಪಿರಲಿ.

ಸೀಲ್ ಮಾಡುವಾಗ ಆಗುವ ತಪ್ಪು ಹೆಚ್ಚಾಗಿ ಒಂದೇ. ಸೀಲ್ ಬೀಳುವ ಜಾಗದಲ್ಲಿ ಎಣ್ಣೆ, ತುಣುಕು, ಪುಡಿ ಅಂಟಿರುತ್ತದೆ. ಮೇಲಿಂದ ಸೀಲ್ ಗಟ್ಟಿಯಾಗಿ ಕಾಣುತ್ತದೆ, ಆದರೆ ಸಣ್ಣ ದಾರಿ ಉಳಿದು ಗಾಳಿ ಹೋಗುತ್ತದೆ. ಚಟ್ನಿಪುಡಿಯಲ್ಲಿ ಇದು ಇನ್ನೂ ಜಾಸ್ತಿ. ದಪ್ಪ ಕಾಗದವನ್ನು ಕೊಳವೆ ತರಹ ಸುತ್ತಿ ಕವರಿನೊಳಗೆ ಇಳಿಸಿ ಪುಡಿ ತುಂಬಿ. ಆಮೇಲೆ ಒಣ ಬಟ್ಟೆಯಿಂದ ಬಾಯಿಯ ಒಳಭಾಗ ಒರೆಸಿ ಸೀಲ್ ಮಾಡಿ. ಇಪ್ಪತ್ತು ಪ್ಯಾಕೆಟ್ಟಿಗೆ ಒಂದನ್ನು ನೀರಿನ ಬಕೆಟ್ಟಿನಲ್ಲಿ ಅದುಮಿ ನೋಡಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ, ಆ ಇಪ್ಪತ್ತನ್ನೂ ಮತ್ತೆ ನೋಡಬೇಕು. ನೀರಿಗೆ ಹಾಕಿದ್ದನ್ನು ಮಾರಬೇಡಿ.

ಲೇಬಲ್ಲಿನಲ್ಲಿ ತಿಂಡಿಯ ಹೆಸರು, ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಮಗ್ರಿಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ತೂಕ, ಎಲ್ಲಾ ತೆರಿಗೆ ಸೇರಿದ ಬೆಲೆ, ಮಾಡಿದ ತಾರೀಕು, ಯಾವ ತಾರೀಕಿನೊಳಗೆ ತಿನ್ನಬೇಕು, ಬ್ಯಾಚ್ ನಂಬರು, ಸಂಘದ ಹೆಸರು ವಿಳಾಸ, ದೂರಿಗೆ ಫೋನ್ ನಂಬರು, ಎಫ್‌ಎಸ್‌ಎಸ್‌ಎಐ ನಂಬರು ಇರಲಿ. ಅಚ್ಚು ಹಾಕಿಸುವ ಮುಂಚೆ ನೋಂದಣಿ ಮಾಡಿಸಿಕೊಟ್ಟವರಿಗೆ ಒಮ್ಮೆ ತೋರಿಸಿ. ಶೇಂಗಾದ ವಿಷಯ ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಿರಿ. ನಿಪ್ಪಟ್ಟು ಕರಿದ ಎಣ್ಣೆಯಲ್ಲೇ ಚಕ್ಕುಲಿ ಕರಿದಿದ್ದರೆ ಚಕ್ಕುಲಿ ಪ್ಯಾಕೆಟ್ ಮೇಲೂ ಬರೆಯಬೇಕು. ಶೇಂಗಾ ಆಗದವರಿಗೆ ಅದರ ಒಂದು ಚೂರೂ ಜೀವಕ್ಕೆ ಕುತ್ತು ತರಬಹುದು.

ಈಗ ರಟ್ಟಿನ ಪೆಟ್ಟಿಗೆ. ಇಲ್ಲಿ ಲಾಭ ಸೋರುತ್ತದೆ. ಕೊರಿಯರಿನವರು ತೂಕ ಮಾತ್ರ ನೋಡುವುದಿಲ್ಲ, ಜಾಗವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ನಮ್ಮ 47ನೇ ಆರ್ಡರಿನ ತಿಂಡಿ 1 ಕೆಜಿ 200 ಗ್ರಾಂ. ಸಿಕ್ಕಿದ ಪೆಟ್ಟಿಗೆ ಅಂತ 30, 25, 15ರದ್ದು ತಗೊಂಡರೆ ಲೆಕ್ಕ 2 ಕೆಜಿ 250 ಗ್ರಾಂ ಆಗುತ್ತದೆ. 25, 20, 14ರದ್ದು ತಗೊಂಡರೆ 1 ಕೆಜಿ 400 ಗ್ರಾಂ. ಚಕ್ಕುಲಿ ಹಗುರ, ಜಾಗ ತಿನ್ನುತ್ತದೆ. ಹಾಗಾಗಿ ಎರಡು ಮೂರು ಅಳತೆಯ ಪೆಟ್ಟಿಗೆ ಮೊದಲೇ ತರಿಸಿಡಿ. ಪೋಸ್ಟ್ ಆಫೀಸಿನಲ್ಲೂ, ಎರಡು ಕೊರಿಯರ್ ಅಂಗಡಿಯಲ್ಲೂ ಅದೇ ಪೆಟ್ಟಿಗೆ ಇಟ್ಟು ದರ ಕೇಳಿ, ಆಮೇಲೆ ಬೆಲೆ ಹಾಕಿ.

ಪೆಟ್ಟಿಗೆಯ ತಳಕ್ಕೆ ಮುದುಡಿದ ಕಾಗದ, ಅದರ ಮೇಲೆ ಚಟ್ನಿಪುಡಿ, ಪಕ್ಕದಲ್ಲಿ ನಿಪ್ಪಟ್ಟು, ಮೇಲೆ ಚಕ್ಕುಲಿ, ಮತ್ತೆ ಕಾಗದ. ಇಲ್ಲಿ ಹಳೆ ನ್ಯೂಸ್‌ಪೇಪರ್ ಆಗಬಹುದು, ತಿಂಡಿಗೆ ತಾಕುವುದಿಲ್ಲವಲ್ಲ. ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಇನ್ನೂ ಕಾಗದ ತುಂಬಿ. ಮುಚ್ಚುವ ಮುಂಚೆ, ಒಳಗಿನ ಪ್ಯಾಕೆಟ್ಟುಗಳೂ ಆರ್ಡರ್ ನಂಬರಿನ ಚೀಟಿಯೂ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ತಕ್ಕಡಿಯ ಮೇಲೆ ಇಟ್ಟು ಇನ್ನೊಂದು. ಪುಸ್ತಕದ ಖಾಲಿ ಕಲಮಿನಲ್ಲಿ ಬ್ಯಾಚ್ ನಂಬರು, ಕೊರಿಯರ್ ನಂಬರು ತುಂಬಿ. ಕೊರಿಯರ್ ನಂಬರನ್ನು ಕೊಂಡವರಿಗೂ ಕಳಿಸಿ.

ದೂರು ಬಂದಾಗ

ಹನ್ನೆರಡು ದಿನ ಬಿಟ್ಟು ವಿಜಯನಗರದವರು ಬರೆಯುತ್ತಾರೆ: "ಚಕ್ಕುಲಿ ಎಣ್ಣೆ ವಾಸನೆ ಬರ್ತಿದೆ. ತಿನ್ನೋಕಾಗಲ್ಲ." ಓದಿದ ಕೂಡಲೇ ಎದೆ ಧಸಕ್ ಅನ್ನುತ್ತದೆ, ಅಷ್ಟು ಕಷ್ಟಪಟ್ಟು ಮಾಡಿದ್ದಲ್ವಾ. ಆ ಹೊತ್ತಿನಲ್ಲಿ "ಬೇರೆ ಯಾರೂ ಹೇಳಿಲ್ಲ" ಅಂತ ಬರೆದುಬಿಡಬೇಡಿ. ಹೀಗೆ ಬರೆಯಿರಿ:

"ತಿಳಿಸಿದ್ದು ಒಳ್ಳೆಯದಾಯಿತು. ದಯವಿಟ್ಟು ಆ ಪ್ಯಾಕೆಟ್ ತಿನ್ನಬೇಡಿ, ಎಸೆಯಲೂ ಬೇಡಿ. ಬ್ಯಾಚ್ ನಂಬರು ಕಾಣುವ ಹಾಗೆ ಒಂದು ಫೋಟೋ ಕಳಿಸಿ. ಎರಡು ಪ್ಯಾಕೆಟ್ಟಿನಲ್ಲೂ ಹಾಗೇ ಇದೆಯಾ ಅಂತ ಹೇಳಿ. ನಾಳೆ ಸಂಜೆಯೊಳಗೆ ನಾವೇ ಫೋನ್ ಮಾಡುತ್ತೇವೆ."

ಫೋಟೋದಲ್ಲಿ ಚ-1806-2 ಅಂತ ಇದೆ. ಈಗ ಸಾಕ್ಷಿ ಪ್ಯಾಕೆಟ್ ಬಿಚ್ಚಿ. ಅದೂ ಕಮಟು ವಾಸನೆ ಬಂದರೆ ತಪ್ಪು ಇಡೀ ಬ್ಯಾಚಿನದು. ಅದು ಚೆನ್ನಾಗಿದ್ದು, ಅವರ ಎರಡರಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಆ ಪ್ಯಾಕೆಟ್ಟಿನ ಸೀಲ್ ಬಿಟ್ಟಿರಬೇಕು. ಎರಡೂ ಕೆಟ್ಟಿದ್ದರೆ ಬಿಸಿಲು ಬೀಳುವ ಜಾಗದಲ್ಲಿ ಇಟ್ಟಿದ್ದರಾ ಅಂತ ಮೆಲ್ಲಗೆ ಕೇಳಿ. ನಮ್ಮ ಉದಾಹರಣೆಯಲ್ಲಿ ಸಾಕ್ಷಿ ಪ್ಯಾಕೆಟ್ಟೂ ಕಮಟು. ಪುಸ್ತಕ ತೆಗೆದರೆ ಅಲ್ಲಿ ಬರೆದಿದೆ: "ಮಧ್ಯಾಹ್ನ ಹೊಸ ಎಣ್ಣೆ ಸಾಲಲಿಲ್ಲ, ಹೋದ ವಾರದ ಎಣ್ಣೆ ಬಳಸಿದೆ." ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಅದೇ ದಿನ ಬೆಳಿಗ್ಗೆ ಕರಿದ ಚ-1806ರ ಸಾಕ್ಷಿ ಪ್ಯಾಕೆಟ್ ಬಿಚ್ಚಿ ನೋಡಿದರೆ ಅದು ಚೆನ್ನಾಗಿದೆ. ಅಂದರೆ ಆ ದಿನದ ಎಲ್ಲಾ ಆರ್ಡರಿನವರಿಗೂ ಫೋನ್ ಮಾಡಬೇಕಿಲ್ಲ. ಚ-1806-2 ಹೋದ ಮನೆಗಳು ಯಾವುವು ಅಂತ ಪುಸ್ತಕವೇ ಹೇಳುತ್ತದೆ.

ಆ ಎಲ್ಲರಿಗೂ ನೀವೇ ಮೊದಲು ಫೋನ್ ಮಾಡಿ. ದೂರು ಕೊಡದವರಿಗೂ. "ಆ ನಂಬರಿನ ಚಕ್ಕುಲಿ ತಿನ್ನಬೇಡಿ, ಬೇರೆ ಕಳಿಸುತ್ತೇವೆ, ಇಲ್ಲವಾದರೆ ಹಣ ವಾಪಸ್ ಹಾಕುತ್ತೇವೆ" ಅಂತ ಹೇಳಿ. ಯಾವುದು ಬೇಕು ಅಂತ ಅವರೇ ಹೇಳಲಿ. 47ನೇ ಆರ್ಡರಿನವರಿಗೆ ಎರಡು ಪ್ಯಾಕೆಟ್ ಚಕ್ಕುಲಿಯ 220 ರೂಪಾಯಿ ವಾಪಸ್ ಹೋಗುತ್ತದೆ. ಇಷ್ಟು ಸಣ್ಣ ಹಣಕ್ಕೆ ಸಭೆ ಸೇರುವವರೆಗೆ ಕಾಯಿಸಬೇಡಿ. ಮುನ್ನೂರು ರೂಪಾಯಿವರೆಗೆ ಫೋನು ಹಿಡಿದವರೇ ತೀರ್ಮಾನಿಸಲಿ ಎಂದು ಮೊದಲೇ ಠರಾವು ಮಾಡಿಡಿ. ಅದಕ್ಕಾಗಿ ಪ್ರತಿ ಪ್ಯಾಕೆಟ್ಟಿನಿಂದ ಎರಡು ರೂಪಾಯಿ ಬೇರೆ ಎತ್ತಿಡಿ.

ಆ ಹಳೆ ಎಣ್ಣೆ ಬಳಸಿದವರ ಪಾಲಿನಿಂದ ಈ ದುಡ್ಡು ಕತ್ತರಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಕತ್ತರಿಸಿದರೆ ಮುಂದಿನ ಸಲ ಯಾರೂ ಪುಸ್ತಕದಲ್ಲಿ ನಿಜ ಬರೆಯುವುದಿಲ್ಲ. ಎಣ್ಣೆ ಯಾಕೆ ಸಾಲಲಿಲ್ಲ ಅಂತ ಕೇಳಿ, ಸಾಮಾನಿನ ಪಟ್ಟಿ ಸರಿಮಾಡಿ.

ಮುರಿದು ಹೋಗಿದೆ ಎನ್ನುವ ದೂರು ಇದಕ್ಕಿಂತ ಸುಲಭ. ಫೋಟೋ ತರಿಸಿ. ನಾಲ್ಕೈದು ಮುರಿದಿದ್ದರೆ ಕ್ಷಮೆ ಕೇಳಿದರೆ ಸಾಕು, ಅರ್ಧದಷ್ಟು ಪುಡಿಯಾಗಿದ್ದರೆ ಬದಲಿ ಕಳಿಸಿ. ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಮೇಲಿಂದ ಮೇಲೆ ಮುರಿಯುತ್ತಿದ್ದರೆ ಪೆಟ್ಟಿಗೆ ಬದಲಿಸಿ. ಪಾರ್ಸೆಲ್ ಬಂದೇ ಇಲ್ಲ ಅಂದರೆ ಕೊರಿಯರ್ ನಂಬರು ಇಟ್ಟುಕೊಂಡು ನೀವೇ ವಿಚಾರಿಸಿ, "ನೀವೇ ಕೇಳಿಕೊಳ್ಳಿ" ಎನ್ನಬೇಡಿ. ಒಂದು ಪ್ಯಾಕೆಟ್ ಕಡಿಮೆ ಬಂದಿದೆ ಅಂದರೆ ಆ ದಿನದ ಎರಡು ಫೋಟೋ ನೋಡಿ. ಅಲ್ಲಿ ಐದೂ ಕಂಡರೆ ಫೋಟೋವನ್ನು ವಿನಯದಿಂದ ಕಳಿಸಿ, ಪೆಟ್ಟಿಗೆಯ ಟೇಪು ಬಿಚ್ಚಿದಂತಿತ್ತಾ ಅಂತ ಕೇಳಿ.

ಕೂದಲು, ಕಲ್ಲು ಸಿಕ್ಕಿತು, ಅಥವಾ ತಿಂದ ಮೇಲೆ ಆರೋಗ್ಯ ಕೆಟ್ಟಿತು ಎನ್ನುವ ದೂರು ಮಾತ್ರ ಬೇರೆ. ಆಗ ಸಂದೇಶ ಸಾಲದು, ತಕ್ಷಣ ಫೋನ್ ಮಾಡಿ. ಹುಷಾರಿಲ್ಲದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಲು ಹೇಳಿ. ಮೈ ಕಡಿತ, ತುಟಿ ಊತ, ಉಸಿರು ಕಟ್ಟುವುದು ಇದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಲಿ, ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಲಿ. ನಮ್ಮದರಿಂದ ಆಗಿಲ್ಲ ಅಂತಲೂ, ನಮ್ಮಿಂದಲೇ ಆಯಿತು ಅಂತಲೂ ಅವತ್ತು ಹೇಳಬೇಡಿ, ಯಾರಿಗೂ ಅದು ಇನ್ನೂ ಗೊತ್ತಿರುವುದಿಲ್ಲ. ಆ ಬ್ಯಾಚಿನಲ್ಲಿ ಮಾರದೆ ಉಳಿದದ್ದನ್ನು ಪಕ್ಕಕ್ಕಿಡಿ. ದಾರಿಯಲ್ಲಿರುವ ಪಾರ್ಸೆಲ್ಲಿನವರಿಗೆ ಬಿಚ್ಚಬೇಡಿ ಅಂತ ಹೇಳಿ. ಕೂದಲಿನ ದೂರಿಗೆ ಅವತ್ತೇ ತಲೆಗೆ ಬಟ್ಟೆ ಕಟ್ಟುವುದು ಶುರುವಾಗಲಿ. ಕಲ್ಲಿನ ದೂರಿಗೆ ಅಕ್ಕಿ, ಉದ್ದು ಆರಿಸಿದ್ದು ಯಾವಾಗ, ಗಿರಣಿಯಲ್ಲಿ ಆ ದಿನ ಕಲ್ಲು ಕುಟ್ಟಿಸಿದ್ದರಾ ಅಂತ ವಿಚಾರಿಸಿ. ಹೊಸದಾಗಿ ಕುಟ್ಟಿಸಿದ ಬೀಸುಕಲ್ಲಿನಿಂದ ಮೊದಲು ಬರುವ ಹಿಟ್ಟಿನಲ್ಲಿ ಕಲ್ಲಿನ ಚೂರು ಸೇರಿರಬಹುದು. ಅಂಥ ದಿನ ಮಾರುವ ತಿಂಡಿಯ ಹಿಟ್ಟನ್ನು ಅಲ್ಲಿ ಬೀಸಿಸದೆ ಮರುದಿನಕ್ಕೆ ಇಟ್ಟುಕೊಳ್ಳಿ.